ಬರಲಿಲ್ಲ, ಬರಲ್ಲ, ಬಂದಿಲ್ಲ: ಮೂರರಲ್ಲಿ ಯಾವುದು ಎಲ್ಲಿ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ವಾಟ್ಸ್ಆಪ್ ಗುಂಪಿಗೆ, ಈಗಷ್ಟೇ ಕನ್ನಡ ಕಲಿಯುತ್ತಿರುವ ಕಾರ್ಯದರ್ಶಿಯೊಬ್ಬರು ಹೀಗೊಂದು ಸಂದೇಶ ಹಾಕಿದ್ದಾರೆ ಎಂದಿಟ್ಟುಕೊಳ್ಳಿ: ‘ನಿನ್ನೆ ಟ್ಯಾಂಕರ್ ಬರಲ್ಲ. ಪ್ಲಂಬರ್ ಇನ್ನೂ ಬಂದಿಲ್ಲ. ನಾಳೆ ನೀರು ಬರಲಿಲ್ಲ, ಎಲ್ಲರೂ ತುಂಬಿಟ್ಟುಕೊಳ್ಳಿ.’ ಓದಿದವರಿಗೆ ವಿಷಯವೇನೋ ತಿಳಿಯುತ್ತದೆ. ಆದರೂ ಮೂರು ವಾಕ್ಯಗಳಲ್ಲಿ ಎರಡು ಕಿವಿಗೆ ಕೊರೆಯುತ್ತವೆ. ಯಾಕೆ ಎಂದು ಕೇಳಿದರೆ ಮಾತ್ರ ಮನೆಮಾತು ಕನ್ನಡದವರೂ ‘ಹಾಗೆ ಹೇಳಲ್ಲಪ್ಪ’ ಅನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. ಪಕ್ಕದ ಮನೆಯವರಿಗೆ ಕನ್ನಡ ಹೇಳಿಕೊಡುವವರಿಗೆ, ಹೊರದೇಶದಲ್ಲಿ ಬೆಳೆಯುವ ಮೊಮ್ಮಕ್ಕಳ ಕನ್ನಡ ತಿದ್ದುವ ಅಜ್ಜ ಅಜ್ಜಿಯರಿಗೆ ಈ ಉತ್ತರ ಸಾಲದು. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಅದನ್ನು ಹೇಳುವ ಮೊದಲು ಕನ್ನಡದ ‘ಇಲ್ಲ’ ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಬೇಕು.

‘ಬಂದನು’ ಎಂಬುದರಲ್ಲಿ ಎರಡು ಸುದ್ದಿಗಳಿವೆ. ಕೆಲಸ ಆಗಿಹೋಯಿತು ಎಂಬುದು ಒಂದು, ಮಾಡಿದವನು ಗಂಡಸು, ಒಬ್ಬನೇ ಎಂಬುದು ಇನ್ನೊಂದು. ಇದನ್ನು ನಿರಾಕರಿಸಲು ‘ಬಂದನು’ ಪಕ್ಕದಲ್ಲಿ ‘ಇಲ್ಲ’ ತಂದಿಟ್ಟರೆ ಆಗುವುದಿಲ್ಲ. ‘ಅವನು ಬಂದನಿಲ್ಲ’, ‘ಅವಳು ಬರುತ್ತಾಳಿಲ್ಲ’ ಎಂದು ಕನ್ನಡದಲ್ಲಿ ಯಾರೂ ಅನ್ನುವುದಿಲ್ಲ. ‘ಇಲ್ಲ’ ಬರಬೇಕಾದರೆ ಕ್ರಿಯಾಪದ ತನ್ನ ‘ನು, ಳು, ರು’ಗಳನ್ನೆಲ್ಲ ಕಳಚಿಟ್ಟು, ಬೇರೆ ರೂಪ ತಾಳಿ ನಿಲ್ಲಬೇಕು. ಆ ರೂಪ ಯಾವುದು ಎಂಬುದರ ಮೇಲೆ ಕಾಲ ತೀರ್ಮಾನವಾಗುತ್ತದೆ. ‘ಇಲ್ಲ’ಕ್ಕೆ ತನ್ನದೇ ಆದ ಭೂತಕಾಲವೂ ಇಲ್ಲ, ಭವಿಷ್ಯತ್ತೂ ಇಲ್ಲ. ಆದ್ದರಿಂದ ನಿಷೇಧ ವಾಕ್ಯ ಸರಿಯೋ ತಪ್ಪೋ ಎಂದು ನೋಡುವಾಗ ಕಣ್ಣು ಹೋಗಬೇಕಾದದ್ದು ‘ಇಲ್ಲ’ದ ಮೇಲಲ್ಲ, ಅದರ ಎಡಕ್ಕೆ ಅಂಟಿಕೊಂಡಿರುವ ತುಂಡಿನ ಮೇಲೆ.

ಆದರೆ ಆ ತುಂಡು ಸಂಧಿಯಲ್ಲಿ ಅಡಗಿರುತ್ತದೆ. ಅದನ್ನು ಹೊರಗೆಳೆಯುವುದಕ್ಕೆ ‘ಏ’ ಸಾಕು. ಒತ್ತಿ ಹೇಳುವಾಗ ನಾವು ಬಳಸುವ ಅದೇ ‘ಏ’. ಕೋಪ ಬಂದಾಗ ‘ಬರಲಿಲ್ಲ’ ಎಂಬುದು ನಮ್ಮ ಬಾಯಲ್ಲಿ ‘ಬರಲೇ ಇಲ್ಲ’ ಆಗುತ್ತದೆ, ‘ಬರುವುದಿಲ್ಲ’ ಎಂಬುದು ‘ಬರುವುದೇ ಇಲ್ಲ’ ಆಗುತ್ತದೆ, ‘ಬಂದಿಲ್ಲ’ ಎಂಬುದು ‘ಬಂದೇ ಇಲ್ಲ’ ಆಗುತ್ತದೆ. ನೋಡಿ, ಮೂರೂ ತಾವಾಗಿಯೇ ಬಿಡಿಸಿಕೊಂಡವು. ಎಡಗಡೆ ಉಳಿದದ್ದು ಬರಲ್, ಬರುವುದು, ಬಂದು. ಬರಲ್ ಎಂಬುದು ಆಗದೆ ಮುಗಿದುಹೋದದ್ದಕ್ಕೆ, ಬರುವುದು ಎಂಬುದು ರೂಢಿಯಲ್ಲಿ ಇಲ್ಲದ್ದಕ್ಕೆ ಅಥವಾ ಮುಂದೆ ಆಗದ್ದಕ್ಕೆ, ಬಂದು ಎಂಬುದು ಇಲ್ಲಿಯತನಕ ಆಗದೆ ಉಳಿದದ್ದಕ್ಕೆ. ‘ಬರಲಿಲ್ಲ’ ಎಂದರೆ ‘ಬರಲಿ’ ಮತ್ತು ‘ಇಲ್ಲ’ ಸೇರಿದ್ದು ಎಂದು ಕೆಲವು ಕಲಿಯುವವರು ಊಹಿಸುತ್ತಾರೆ, ‘ದೇವರು ಒಳ್ಳೆಯದು ಮಾಡಲಿ’ ಅನ್ನುವಾಗಿನ ‘ಲಿ’ ಅದು ಎಂದುಕೊಂಡು. ‘ಬರಲಿಯೇ ಇಲ್ಲ’ ಅನ್ನದೆ ‘ಬರಲೇ ಇಲ್ಲ’ ಅನ್ನುತ್ತೇವಲ್ಲ, ಅಲ್ಲಿಗೆ ಆ ಊಹೆ ಬಿದ್ದುಹೋಗುತ್ತದೆ.

ಭೂತಕಾಲದ ನಿಷೇಧದಲ್ಲಿ ಕಲಿಯುವವರಿಗೆ ಸಂತೋಷದ ಸುದ್ದಿಯೊಂದಿದೆ. ಕನ್ನಡದ ಭೂತಕಾಲ ತಲೆನೋವಿನದು: ನಿಲ್ಲು ನಿಂತನು ಆಗುತ್ತದೆ, ಕೊಲ್ಲು ಕೊಂದನು ಆಗುತ್ತದೆ, ಕೊಡು ಕೊಟ್ಟನು ಆಗುತ್ತದೆ, ತಿನ್ನು ತಿಂದನು ಆಗುತ್ತದೆ. ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ‘ಇಲ್ಲ’ ಅನ್ನುವಾಗ ಈ ಗೋಜೇ ಇಲ್ಲ. ಧಾತು ತನ್ನ ಮೂಲದಲ್ಲೇ ನಿಂತಿರುತ್ತದೆ: ನಿಲ್ಲಲಿಲ್ಲ, ಕೊಲ್ಲಲಿಲ್ಲ, ಕೊಡಲಿಲ್ಲ, ತಿನ್ನಲಿಲ್ಲ. ಧಾತು ‘ಇ’ ಅಥವಾ ‘ಎ’ಯಲ್ಲಿ ಮುಗಿದರೆ ನಡುವೆ ಒಂದು ‘ಯ’ ಬರುತ್ತದೆ, ಅಷ್ಟೆ: ಕುಡಿಯಲಿಲ್ಲ, ಕರೆಯಲಿಲ್ಲ. ಹಾಗಾಗಿ ಯಾರಾದರೂ ‘ತಿಂದಲಿಲ್ಲ’, ‘ಕೊಟ್ಟಲಿಲ್ಲ’ ಎಂದು ಬರೆದರೆ ಅದು ಅತಿಜಾಗ್ರತೆಯ ತಪ್ಪು. ಕಷ್ಟಪಟ್ಟು ಕಲಿತ ಭೂತಕಾಲವನ್ನು ಬೇಡದ ಕಡೆ ತಂದು ತುರುಕಿದ್ದಾರೆ. ಮಕ್ಕಳಿಗೆ ಬೇಕಾದರೆ ಮೊದಲು ‘ತಿನ್ನಲಿಲ್ಲ’ ಕಲಿಸಿ ಆಮೇಲೆ ‘ತಿಂದ’ ಕಲಿಸಬಹುದು. ಪುಸ್ತಕಗಳು ಈ ಕ್ರಮವನ್ನು ಯಾಕೆ ಹಿಡಿಯುವುದಿಲ್ಲವೋ!

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ‘ಬಂದಳು’ ಎಂಬ ಒಂದೇ ಪದ ಪೂರ್ತಿ ವಾಕ್ಯವಾಗಬಲ್ಲದು. ‘ಬರಲಿಲ್ಲ’ ಎಂಬ ಒಂದು ಪದದಲ್ಲಿ ಬಾರದವರು ಯಾರು ಎಂಬುದೇ ಇಲ್ಲ. ನಾನು, ನೀವು, ಅವಳು, ನೀರು, ಬಸ್ಸು, ಎಲ್ಲಕ್ಕೂ ಅದೊಂದೇ ರೂಪ. ಆದ್ದರಿಂದ ‘ಇಲ್ಲ’ ಇರುವ ಚಿಕ್ಕ ವಾಕ್ಯದಲ್ಲಿ ಕರ್ತೃವನ್ನು ಬಿಟ್ಟಿದ್ದರೆ, ಹಿಂದಿನ ವಾಕ್ಯದಲ್ಲಿ ಅದು ಸ್ಪಷ್ಟವಾಗಿದೆಯೇ ಎಂದು ನೋಡಿಕೊಳ್ಳಬೇಕು. ವ್ಯಾಕರಣ ತಪ್ಪದೆಯೂ ಅರ್ಥ ಕೆಡುವ ಜಾಗ ಇದು.

ಇನ್ನು ಭವಿಷ್ಯತ್ತು. ಬರೆಯುವಾಗ ‘ಬರುವುದಿಲ್ಲ’ ಒಂದನ್ನು ಹಿಡಿದರೆ ಸಾಕು. ಅದಕ್ಕೆ ವರ್ತಮಾನ, ಭವಿಷ್ಯತ್ತು ಎಂಬ ಭೇದವಿಲ್ಲ. ‘ಅವರು ಮೀನು ತಿನ್ನುವುದಿಲ್ಲ’ ಎಂದರೆ ಅವರ ರೂಢಿ, ‘ನಾಳೆ ಏಕಾದಶಿ, ಅವರು ಅನ್ನ ತಿನ್ನುವುದಿಲ್ಲ’ ಎಂದರೆ ನಾಳೆಯ ಮಾತು. ಯಾವುದು ಎಂಬುದನ್ನು ಸುತ್ತಲಿನ ಪದಗಳು ಹೇಳಬೇಕು. ‘ತಿನ್ನುತ್ತಾರೆ’ ಕೂಡ ಮಾತಿನಲ್ಲಿ ಎರಡಕ್ಕೂ ಬಳಕೆಯಾಗುವುದರಿಂದ ಇದರಲ್ಲಿ ವಿಚಿತ್ರವೇನೂ ಇಲ್ಲ.

ತೊಂದರೆ ಶುರುವಾಗುವುದು ಮಾತಿನಲ್ಲಿ. ಬೆಂಗಳೂರು ಮೈಸೂರು ಕಡೆ ‘ಬರುವುದಿಲ್ಲ’ ಎಂಬುದು ಸವೆದು ಬರೋದಿಲ್ಲ, ಬರೋಲ್ಲ, ಕೊನೆಗೆ ಬರಲ್ಲ ಆಗಿದೆ. ‘ಬರಲಿಲ್ಲ’ ಎಂಬುದು ಬರ್ಲಿಲ್ಲ ಆಗಿದೆ. ಈಗ ಎರಡನ್ನೂ ಅಕ್ಕಪಕ್ಕ ಇಡಿ: ಬರಲ್ಲ, ಬರಲಿಲ್ಲ. ಮಾಡಲ್ಲ, ಮಾಡಲಿಲ್ಲ. ಇಡೀ ಕಾಲ ಒಂದು ‘ಲಿ’ಯ ಮೇಲೆ ನಿಂತಿದೆ. ನಮಗೆ ಬಾಲ್ಯದಿಂದ ಕೇಳಿ ಅಭ್ಯಾಸ, ಹೊಸಬರಿಗೆ ಎರಡೂ ಒಂದೇ ಪದವನ್ನು ನಿಧಾನವಾಗಿ ಮತ್ತು ಬೇಗ ಹೇಳಿದಂತೆ ಕೇಳಿಸುತ್ತದೆ. ‘ಬರಲ್ಲ’ ನೋಡಲು ‘ಅಲ್ಲ’ದಂತೆ ಇದೆ, ಹಾಗಾಗಿ ‘ಇದು ಪುಸ್ತಕ ಅಲ್ಲ’ ಎನ್ನುವ ‘ಅಲ್ಲ’ವೇ ಇಲ್ಲಿಯೂ ಬಂದಿದೆ ಎಂದು ತಿಳಿಯುವವರಿದ್ದಾರೆ. ಇಲ್ಲಿಯೂ ‘ಏ’ ನೆರವಿಗೆ ಬರುತ್ತದೆ. ‘ಬರಲ್ಲ’ ಎಂದವರನ್ನು ಒತ್ತಿ ಹೇಳಿಸಿ ನೋಡಿ, ‘ಬರೋದೇ ಇಲ್ಲ’ ಅನ್ನುತ್ತಾರೆ. ಒಳಗಿರುವುದು ‘ಇಲ್ಲ’ವೇ.

ಯಾವ ಮನೆಮಾತಿನವರು ಎಲ್ಲಿ ಎಡವುತ್ತಾರೆ ಎಂಬುದನ್ನು ಗಮನಿಸಿದರೆ ತಿದ್ದುವ ಕೆಲಸ ಅರ್ಧ ಮುಗಿದಂತೆ. ಆಡುಮಾತಿನ ತಮಿಳಿನಲ್ಲಿ ‘ವರಲೆ’ ಎಂದರೆ ಬರಲಿಲ್ಲ. ಮುಂದೆ ಬರುವುದಿಲ್ಲ ಎನ್ನಲು ಅವರಿಗೆ ‘ವರಮಾಟ್ಟಾನ್’ ಎಂಬ ಬೇರೆಯದೇ ರೂಪ ಇದೆ. ಆ ‘ವರಲೆ’ಯ ಕಿವಿಗೆ ನಮ್ಮ ‘ಬರಲ್ಲ’ ನೆಂಟನಂತೆ ಕೇಳುತ್ತದೆ, ಹಾಗಾಗಿ ‘ನಿನ್ನೆ ಟ್ಯಾಂಕರ್ ಬರಲ್ಲ’ ಎಂಬ ವಾಕ್ಯ ಹುಟ್ಟುತ್ತದೆ. ಮಲಯಾಳಿಗಳು ಎಡವುವುದು ಬೇರೆ ಕಡೆ. ಅವರ ‘ವನ್ನಿಲ್ಲ’ ಎಂದರೆ ಬರಲಿಲ್ಲ, ‘ವರಿಲ್ಲ’ ಎಂದರೆ ಬರುವುದಿಲ್ಲ. ‘ವನ್ನಿಲ್ಲ’ಕ್ಕೆ ಕನ್ನಡದಲ್ಲಿ ಅಚ್ಚು ಹೊಂದುವಂತೆ ಕಾಣುವುದು ‘ಬಂದಿಲ್ಲ’. ಆದ್ದರಿಂದ ಅವರ ಕನ್ನಡದಲ್ಲಿ ಹೋದ ವರ್ಷವೂ ಬಂದಿಲ್ಲ, ಮೊನ್ನೆಯೂ ಬಂದಿಲ್ಲ, ಎಲ್ಲ ಕಡೆ ಬಂದಿಲ್ಲವೇ. ತೆಲುಗಿನವರ ‘ರಾಲೇದು’ ನಮ್ಮ ‘ಬರಲಿಲ್ಲ’ದಂತೆ ಎಲ್ಲರಿಗೂ ಒಂದೇ ರೂಪ, ಹಾಗಾಗಿ ಭೂತಕಾಲ ಅವರಿಗೆ ಸಲೀಸು. ಮುಂದಿನ ಮಾತಿಗೆ ಬಂದಾಗ ಅವರಲ್ಲಿ ನಾನು ‘ರಾನು’, ಅವನು ‘ರಾಡು’ ಎಂದು ಆಳಿಗೊಂದು ರೂಪ. ಕನ್ನಡದಲ್ಲಿ ಅಂಥದ್ದು ಕಾಣದೆ ಸ್ವಲ್ಪ ತಡವರಿಸುತ್ತಾರೆ. ಹಿಂದಿಯವರಿಗೆ ಕ್ರಿಯಾಪದವನ್ನು ಮುಟ್ಟದೆಯೇ ಮುಂದೆ ‘ನಹೀಂ’ ಸೇರಿಸಿ ಅಭ್ಯಾಸ: ಆಯಾ, ನಹೀಂ ಆಯಾ, ಆಯೇಗಾ, ನಹೀಂ ಆಯೇಗಾ. ‘ಬಂದನಿಲ್ಲ’, ‘ಇಲ್ಲ ಬಂದ’ ಎಂಬ ಪ್ರಯೋಗಗಳ ತವರು ಅದು. ಅವರಿಗೆ ‘ಲಿ’ಯ ಪಾಠಕ್ಕಿಂತ ಮೊದಲು ‘ನು, ಳು, ರು’ ಕಳಚುವ ಪಾಠ ಬೇಕು.

ಮೂರನೆಯ ರೂಪ, ‘ಬಂದಿಲ್ಲ’, ಸ್ವಲ್ಪ ನಿಂತು ನೋಡಬೇಕಾದದ್ದು. ಮಧ್ಯಾಹ್ನ ಯಾರದೋ ಮನೆಗೆ ಹೋಗಿದ್ದೀರಿ. ‘ಊಟ ಆಯ್ತಾ?’ ಎಂದರು. ‘ಇನ್ನೂ ಮಾಡಿಲ್ಲ’ ಎಂದರೆ ಎಲೆ ಹಾಕುತ್ತಾರೆ. ‘ಮಾಡ್ಲಿಲ್ಲ’ ಎಂದರೆ ‘ಯಾಕೆ, ಹುಷಾರಿಲ್ವಾ?’ ಎಂದು ಕೇಳುತ್ತಾರೆ. ‘ಮಾಡಿಲ್ಲ’ದಲ್ಲಿ ಬಾಗಿಲು ತೆರೆದೇ ಇದೆ, ಊಟದ ಹೊತ್ತು ಮುಗಿದಿಲ್ಲ. ‘ಮಾಡಲಿಲ್ಲ’ದಲ್ಲಿ ಹೊತ್ತು ಮೀರಿತು, ಊಟ ತಪ್ಪಿತು. ‘ಇನ್ನೂ’, ‘ಈತನಕ’, ‘ಇದುವರೆಗೆ’, ‘ಎಂದೂ’ ಎಂಬ ಪದಗಳು ‘ಮಾಡಿಲ್ಲ’ದ ಕಡೆಗೆ ಎಳೆಯುತ್ತವೆ. ‘ನಿನ್ನೆ’, ‘ಮೊನ್ನೆ’, ‘ಹೋದ ವಾರ’, ‘ಆವಾಗ’ ಎಂಬವು ‘ಮಾಡಲಿಲ್ಲ’ದ ಕಡೆಗೆ.

ಎಳೆಯುತ್ತವೆ ಎಂದೆ, ಕಟ್ಟಿಹಾಕುತ್ತವೆ ಎನ್ನಲಿಲ್ಲ. ‘ಬಸ್ಸು ಇನ್ನೂ ಬರಲಿಲ್ಲವಲ್ಲ’ ಎಂದು ನಿಲ್ದಾಣದಲ್ಲಿ ನಿಂತವರು ಗೊಣಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬರುವ ಹೊತ್ತು ಮೀರಿತು ಎಂಬ ಅಸಹನೆ ಅಲ್ಲಿ ಸೇರಿದೆ. ಹಾಗೆಯೇ ‘ನಿನ್ನೆ ನೀನು ಸಂತೆಗೆ ಹೋಗಿದ್ದೆಯಂತೆ’ ಎಂದು ಯಾರಾದರೂ ಆರೋಪ ಹೊರಿಸಿದರೆ, ‘ನಿನ್ನೆ ನಾನು ಸಂತೆಗೆ ಹೋಗೇ ಇಲ್ಲ’ ಎನ್ನುತ್ತೇವೆ. ‘ನಿನ್ನೆ’ ಇದ್ದರೂ ಇಲ್ಲಿ ‘ಹೋಗೇ ಇಲ್ಲ’ ಸಹಜ, ಯಾಕೆಂದರೆ ಇದು ನಡೆದದ್ದರ ವರದಿಯಲ್ಲ, ಆರೋಪದ ನಿರಾಕರಣೆ. ಬರಿಯ ವರದಿಯಲ್ಲಿ, ಅಂದರೆ ‘ನಿನ್ನೆ ಸಭೆಗೆ ಅಧ್ಯಕ್ಷರು ಬಂದಿಲ್ಲ’ ಎಂಬಲ್ಲಿ, ಬರಹಕ್ಕೆ ನಾನು ‘ಬರಲಿಲ್ಲ’ವನ್ನೇ ಆರಿಸುತ್ತೇನೆ. ಮಾತಿನಲ್ಲಿ ‘ಬಂದಿಲ್ಲ’ ಎಂದವರನ್ನು ತಡೆದು ತಿದ್ದುವುದಿಲ್ಲ. ಹಾಗೆ ಆಡುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ.

ಈಗ ಕಾರ್ಯದರ್ಶಿಯ ಸಂದೇಶವನ್ನು ಕೈಗೆತ್ತಿಕೊಳ್ಳೋಣ. ಮೊದಲ ವಾಕ್ಯದ ‘ಬರಲ್ಲ’ವನ್ನು ‘ಏ’ ಇಟ್ಟು ಬಿಡಿಸಿದರೆ ‘ಬರೋದೇ ಇಲ್ಲ’, ಎಡದ ತುಂಡು ‘ಬರೋದು’, ಅದು ರೂಢಿಗೋ ಮುಂದಿನ ಮಾತಿಗೋ ಸೇರಿದ್ದು. ವಾಕ್ಯದ ಕಾಲಸೂಚಕ ‘ನಿನ್ನೆ’. ಎರಡೂ ಹೊಂದುವುದಿಲ್ಲ, ‘ನಿನ್ನೆ ಟ್ಯಾಂಕರ್ ಬರಲಿಲ್ಲ’ ಆಗಬೇಕು. ಎರಡನೆಯದು ‘ಬಂದೇ ಇಲ್ಲ’, ಜೊತೆಗೆ ‘ಇನ್ನೂ’ ಇದೆ, ಸರಿಯಾಗಿದೆ. ಮೂರನೆಯದು ‘ಬರಲೇ ಇಲ್ಲ’, ಆದರೆ ಕಾಲಸೂಚಕ ‘ನಾಳೆ’. ‘ನಾಳೆ ನೀರು ಬರುವುದಿಲ್ಲ’ ಆಗಬೇಕು, ಅಥವಾ ಗುಂಪಿನ ಸಲಿಗೆಯಲ್ಲಿ ‘ಬರಲ್ಲ’.

ಇಷ್ಟಕ್ಕೇ ಕೆಂಪು ಶಾಯಿ ಎತ್ತಿಕೊಳ್ಳಬೇಡಿ. ವಾಕ್ಯ ಮುಗಿದಿದೆಯೇ ಎಂದು ಮೊದಲು ನೋಡಬೇಕು. ಕಾರ್ಯದರ್ಶಿಗಳು ‘ನಾಳೆ ನೀರು ಬರಲಿಲ್ಲ ಅಂದ್ರೆ ಟ್ಯಾಂಕರ್ ತರಿಸೋಣ’ ಎಂದು ಬರೆದಿದ್ದರೆ ಅದು ಅಪ್ಪಟ ಕನ್ನಡ. ಷರತ್ತು ಹಾಕುವಾಗ ಇನ್ನೂ ಆಗದ್ದನ್ನು ಆಗಿಹೋದಂತೆ ಇಟ್ಟುಕೊಂಡು ಮಾತಾಡುವುದು ನಮ್ಮ ಭಾಷೆಯ ರೀತಿ. ‘ನಾಳೆ ಮಳೆ ಬಂದರೆ’ ಎಂಬಲ್ಲಿಯೂ ‘ಬಂದ’ ಇದೆಯಷ್ಟೆ. ಇದೇ ಥರ ‘ನಿನ್ನೆ ಬರಲ್ಲ’ ಎಂಬುದೂ ಒಂದು ಪದದಿಂದ ಬದುಕಿಕೊಳ್ಳುತ್ತದೆ: ‘ನಿನ್ನೆ ಬರಲ್ಲ ಅಂದ, ಇವತ್ತು ಬಂದು ನಿಂತಿದ್ದಾನೆ.’ ಇಲ್ಲಿ ‘ನಿನ್ನೆ’ ಸೇರುವುದು ‘ಅಂದ’ ಎಂಬುದರ ಜೊತೆ. ‘ಬರಲ್ಲ’ ಎಂಬುದು ಅವನು ಆಡಿದ ಮಾತು, ಅದರ ಕಾಲ ಅವನ ಬಾಯಿಂದ ಬಂದದ್ದು. ಕಾಲಸೂಚಕ ಯಾವ ಕ್ರಿಯಾಪದಕ್ಕೆ ಅಂಟಿದೆ ಎಂದು ನೋಡದೆ ಬರಿಯ ‘ನಿನ್ನೆ’, ‘ನಾಳೆ’ ಎಣಿಸಿ ತಿದ್ದುವವರು ಸರಿಯಾದ ವಾಕ್ಯಗಳನ್ನೂ ಕೆಡಿಸುತ್ತಾರೆ.

ಕೆಲವು ಪದಗಳು ಈ ಮೂರು ಅಚ್ಚುಗಳಿಗೆ ನೇರವಾಗಿ ಬೀಳುವುದಿಲ್ಲ. ‘ಇಲ್ಲ’ ಒಂದೇ ನಿಂತಾಗ ಅದು ಈಗಿನ ಮಾತು: ಮನೆಯಲ್ಲಿ ಯಾರೂ ಇಲ್ಲ. ನಿನ್ನೆಗೆ ಹೋಗಬೇಕಾದರೆ ‘ಇರು’ ಧಾತುವನ್ನು ಕರೆಯಬೇಕು, ‘ನಿನ್ನೆ ಮನೆಯಲ್ಲಿ ಯಾರೂ ಇರಲಿಲ್ಲ’. ನಾಳೆಗೆ ‘ಇರುವುದಿಲ್ಲ’. ಮೊದಲೇ ಗೊತ್ತಾಗಿರುವ ವಿಷಯವಾದರೆ ‘ನಾಳೆ ರಜೆ ಇಲ್ಲ’ ಎಂದರೂ ನಡೆಯುತ್ತದೆ, ಆದರೆ ‘ನಿನ್ನೆ ರಜೆ ಇಲ್ಲ’ ನಡೆಯುವುದಿಲ್ಲ. ‘ಅಲ್ಲ’ಕ್ಕೂ ಇದೇ ಪಾಡು. ‘ಅವರು ಮೇಷ್ಟ್ರಲ್ಲ’ ಎಂಬುದನ್ನು ಹಿಂದಕ್ಕೆ ಒಯ್ದರೆ ‘ಆಗ ಅವರು ಮೇಷ್ಟ್ರಾಗಿರಲಿಲ್ಲ’ ಆಗುತ್ತದೆ. ‘ಗೊತ್ತಿಲ್ಲ’ ಭೂತಕಾಲದಲ್ಲಿ ಎರಡು ದಾರಿ ಹಿಡಿಯುತ್ತದೆ: ಆಗ ಆ ತಿಳಿವಳಿಕೆ ಇರಲಿಲ್ಲವೆಂದರೆ ‘ಗೊತ್ತಿರಲಿಲ್ಲ’, ಹೇಳಿದರೂ ತಲೆಗೆ ಹತ್ತಲಿಲ್ಲವೆಂದರೆ ‘ಗೊತ್ತಾಗಲಿಲ್ಲ’. ಮೇಷ್ಟ್ರು ಪಾಠ ಮುಗಿಸಿ ಕೇಳಿದಾಗ ಯಾವುದನ್ನು ಹೇಳುತ್ತೀರಿ ಎಂಬುದು ಮುಖ್ಯ.

‘ಬೇಡ’ ಎಂಬುದರಲ್ಲಿ ತಮಾಷೆಯೂ ಇದೆ. ನಿಯಮ ಚೆನ್ನಾಗಿ ಕಲಿತವರೊಬ್ಬರು ‘ನಿನ್ನೆ ನನಗೆ ಕಾಫಿ ಬೇಡಲಿಲ್ಲ’ ಅಂದರೆ ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಬೇಡಲಿಲ್ಲ’ ಎಂದರೆ ಭಿಕ್ಷೆ ಬೇಡಲಿಲ್ಲ, ವರ ಬೇಡಲಿಲ್ಲ. ‘ಬೇಡು’ ಎಂಬ ಧಾತುವಿನದು ಅದು. ಹೇಳಬೇಕಾದದ್ದು ‘ಬೇಕಾಗಿರಲಿಲ್ಲ’. ಇದರ ಬಳಿಯೇ ಇನ್ನೊಂದು ಜಾರುವ ಜಾಗ ಇದೆ. ‘ನೀನು ಹೋಗಬೇಕಾಗಿರಲಿಲ್ಲ’ ಎಂದರೆ ಹೋಗುವ ಅಗತ್ಯವಿರಲಿಲ್ಲ, ಸುಮ್ಮನೆ ದಣಿದೆ. ‘ನೀನು ಹೋಗಬಾರದಿತ್ತು’ ಎಂದರೆ ಹೋದದ್ದೇ ತಪ್ಪು. ಎರಡರಲ್ಲೂ ಅವನು ಹೋಗಿ ಬಂದಿದ್ದಾನೆ, ಬೈಗುಳ ಎರಡನೆಯದರಲ್ಲಿ ಮಾತ್ರ.

ಆ ‘ಬಾರದು’ ಹಳೆಯ ಪದ್ಧತಿಯ ನಿಷೇಧ. ‘ಇಲ್ಲ’ದ ಹಂಗಿಲ್ಲದೆ ಧಾತುವಿಗೇ ನೇರ ಪ್ರತ್ಯಯ ಹತ್ತಿ ಮಾಡೆನು, ಮಾಡನು, ಮಾಡಳು, ಮಾಡರು, ಮಾಡದು ಎಂದಾಗುವ ಬಗೆ ಅದು. ಈಗಿನದಕ್ಕೆ ಪೂರಾ ತಿರುವುಮುರುವು: ಅಲ್ಲಿ ಯಾರು ಎಂಬುದು ತಿಳಿಯುತ್ತದೆ, ಯಾವಾಗ ಎಂಬುದು ತಿಳಿಯುವುದಿಲ್ಲ. ಶಾಲೆಯ ವ್ಯಾಕರಣ ‘ನಿಷೇಧಾರ್ಥಕ’ ಎಂಬ ಹೆಸರಿನಲ್ಲಿ ಕಲಿಸುವುದು ಈ ‘ತಿನ್ನನು, ಮಾಡನು’ಗಳನ್ನೇ. ಹುಡುಗರು ಪರೀಕ್ಷೆಯಲ್ಲಿ ‘ಅವನು ತಿನ್ನನು’ ಎಂದು ಬರೆದು, ಹೊರಗೆ ಬಂದು ‘ಅವ್ನು ತಿನ್ನಲ್ಲ’ ಅನ್ನುತ್ತಾರೆ. ದಿನಬಳಕೆಯ ‘ತಿನ್ನಲಿಲ್ಲ, ತಿನ್ನುವುದಿಲ್ಲ’ಗಳಿಗೆ ಪುಸ್ತಕದಲ್ಲಿ ಅಷ್ಟೇ ಜಾಗ ಸಿಕ್ಕಿದ್ದರೆ ಚೆನ್ನಾಗಿತ್ತು. ಹಾಗೆಂದು ಹಳೆಯ ರೂಪ ಸತ್ತಿಲ್ಲ. ಕೂಡದು, ಸಲ್ಲದು, ಸಾಲದು, ಒಲ್ಲೆ ಎಂಬ ಪದಗಳಲ್ಲಿ ಉಳಿದಿದೆ. ‘ಮಾಡದ ತಪ್ಪು’, ‘ಹೇಳದೆ ಹೋದ’ ಎಂಬಲ್ಲಿ ದಿನವೂ ನಮ್ಮ ಬಾಯಲ್ಲಿ ಓಡಾಡುತ್ತಿದೆ. ಈ ‘ಮಾಡದ’ ಎಂಬುದಕ್ಕೆ ಕಾಲವಿಲ್ಲದ್ದರಿಂದ ‘ನಿನ್ನೆ ಕೆಲಸ ಮಾಡದವರು’ ಎಂದರೂ ಸರಿ, ‘ನಾಳೆ ಕೆಲಸ ಮಾಡದವರು’ ಎಂದರೂ ಸರಿ. ಅಲ್ಲಿ ಕಾಲದ ತಪ್ಪು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಕೊನೆಯದಾಗಿ, ತಿದ್ದುವ ಮೊದಲು ಬರೆದವರ ಊರನ್ನೂ ಕೇಳಿಕೊಳ್ಳುವುದು ಒಳ್ಳೆಯದು. ಧಾರವಾಡದ ಕಡೆಯವರು ‘ನಾ ನಾಳೆ ಬರಂಗಿಲ್ಲ’ ಎಂದರೆ ‘ನಾನು ನಾಳೆ ಬರುವುದಿಲ್ಲ’ ಎಂದಷ್ಟೇ ಅರ್ಥ. ‘ಬರುವ ಹಾಂಗ ಇಲ್ಲ’ ಎಂಬುದು ಸವೆದು ಹಾಗಾಗಿದೆ. ಮೈಸೂರಿನವರಿಗೆ ‘ಬರೋ ಹಾಗಿಲ್ಲ’ ಎಂದರೆ ಬರಲು ಅನುಮತಿಯಿಲ್ಲ ಅಥವಾ ಬರಲಾಗದ ಪರಿಸ್ಥಿತಿ ಇದೆ ಎಂದು. ಸರಕಾರಿ ಫಲಕದ ‘ಇಲ್ಲಿ ವಾಹನ ನಿಲ್ಲಿಸುವಂತಿಲ್ಲ’ ಎಂಬುದೂ ಇದೇ ಜಾತಿಯದು. ಹೀಗಾಗಿ ಹುಬ್ಬಳ್ಳಿಯ ಸಹೋದ್ಯೋಗಿ ‘ನಾ ಮೀಟಿಂಗ್‌ಗ ಬರಂಗಿಲ್ರಿ’ ಎಂದಾಗ ಮೈಸೂರಿನ ಮ್ಯಾನೇಜರು ‘ಯಾರು ಬರಬೇಡ ಅಂದ್ರು ನಿಮಗೆ?’ ಎಂದು ಕೇಳಿದರೆ, ವ್ಯಾಕರಣ ಇಬ್ಬರದೂ ಸರಿಯಾಗಿದೆ.